ಫೋಟೋಗೆ ತಪ್ಪಿಸಿಕೊಂಡವರು

ಗುಂಪು ಫೋಟೋ ತೆಗೆಸುವ ದಿನ ಮನೆಯವರಲ್ಲಿ ಒಬ್ಬರಾದರೂ ತಪ್ಪಿಹೋಗುವುದು, ಆಮೇಲೆ ಅವರನ್ನು ಹೇಗಾದರೂ ಸೇರಿಸಬೇಕೆಂದು ಉಳಿದವರು ಹಂಬಲಿಸುವುದು ಫೋಟೋಗಳಷ್ಟೇ ಹಳೆಯ ಸಂಗತಿ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಮ್ಯಾಥ್ಯೂ ಬ್ರೇಡಿ ಎಂಬ ಹೆಸರಾಂತ ಛಾಯಾಗ್ರಾಹಕನ ಸ್ಟುಡಿಯೋದಲ್ಲಿ ಜನರಲ್ ಶೆರ್ಮನ್ ತನ್ನ ಸೇನಾನಿಗಳೊಂದಿಗೆ ಕುಳಿತು ಫೋಟೋ ತೆಗೆಸಿಕೊಂಡ. ಅಂದು ಫ್ರಾನ್ಸಿಸ್ ಬ್ಲೇರ್ ಎಂಬ ಸೇನಾನಿ ಬರಲಿಲ್ಲ. ಅವನ ಚಿತ್ರವನ್ನು ಬೇರೆಯಾಗಿ ತೆಗೆದು ಗುಂಪಿಗೆ ಜೋಡಿಸಿದರು. ಹೀಗಾಗಿ ಏಳು ಜನರಿರುವ ಚಿತ್ರವೂ ಉಂಟು, ಎಂಟು ಜನರಿರುವ ಚಿತ್ರವೂ ಉಂಟು. ಎಂಟನೆಯವನಾಗಿ ಬ್ಲೇರ್ ಬಲತುದಿಯಲ್ಲಿ ಕುಳಿತಿದ್ದಾನೆ.

ತುದಿಯನ್ನೇ ಏಕೆ ಆರಿಸಿದರು? ನಡುವೆ ಸೇರಿಸಬೇಕಾದರೆ ಇಬ್ಬರ ತೋಳುಗಳನ್ನು ಕತ್ತರಿಸಬೇಕು. ತುದಿಯಲ್ಲಾದರೆ ಒಂದೇ ಬದಿಯ ಕೆಲಸ. ನಮ್ಮ ಊರುಗಳ ಸ್ಟುಡಿಯೋದವರಿಗೂ ಈ ಗುಟ್ಟು ತಿಳಿದಿತ್ತು.

ಇದೇ ಕೆಲಸವನ್ನು ಬಹು ದೊಡ್ಡದಾಗಿ ಮಾಡಿದವನು ಕೆನಡಾದ ಮಾಂಟ್ರಿಯಲ್ ನಗರದ ವಿಲಿಯಂ ನಾಟ್‌ಮನ್. 1870ರಲ್ಲಿ ಅಲ್ಲಿನ ಸ್ಕೇಟಿಂಗ್ ಅಂಗಳದಲ್ಲಿ ರಾಜಕುಮಾರ ಆರ್ಥರ್‌ನ ಗೌರವಾರ್ಥ ವೇಷಭೂಷಣದ ಉತ್ಸವ ನಡೆಯಿತು. ಒಳಾಂಗಣದಲ್ಲಿ ಓಡಾಡುವ ಜನರನ್ನು ಹಿಡಿಯುವ ಶಕ್ತಿ ಆ ಕಾಲದ ಕ್ಯಾಮೆರಾಗಳಿಗೆ ಇರಲಿಲ್ಲ. ನಾಟ್‌ಮನ್ ಒಬ್ಬೊಬ್ಬರನ್ನೂ ಅವರವರ ವೇಷದಲ್ಲಿ ಸ್ಟುಡಿಯೋಗೆ ಕರೆಸಿ ಫೋಟೋ ತೆಗೆದ. ಪ್ರತಿಯೊಂದನ್ನೂ ಕತ್ತರಿಸಿ, ಬಣ್ಣದಲ್ಲಿ ಬರೆದ ಅಂಗಳದ ಚಿತ್ರದ ಮೇಲೆ ಅಂಟಿಸಿ, ಇಡೀ ಹಲಗೆಯನ್ನು ಮತ್ತೆ ಫೋಟೋ ತೆಗೆದ. ಆ ಚಿತ್ರದಲ್ಲಿ ಇರುವವರು ಸುಮಾರು 300 ಜನ. ಇಂಥ ಕೆಲಸದಲ್ಲಿ ಕತ್ತರಿ ಹಿಡಿಯುವುದು ಸುಲಭದ ಪಾಲು. ಕಷ್ಟವಾದದ್ದು ಬೆಳಕು. ಎಲ್ಲರ ಮುಖಕ್ಕೂ ಬೆಳಕು ಒಂದೇ ಕಡೆಯಿಂದ ಬಿದ್ದಿದ್ದರೆ ಮಾತ್ರ ಅವರೆಲ್ಲ ಒಂದೇ ಕಡೆ ನಿಂತಿದ್ದರೆಂದು ನಮ್ಮ ಕಣ್ಣು ಒಪ್ಪುತ್ತದೆ.

ಇದನ್ನು ನಾನು ಕಲಿತದ್ದು ನಮ್ಮ ಮನೆಯ ಒಂದು ಫೋಟೋದಿಂದ. 1974ರಲ್ಲಿ ನಮ್ಮ ಅಜ್ಜನ ಷಷ್ಟ್ಯಬ್ದಿಯ ದಿನ, ಪೂಜೆ ಮುಗಿದು ಊಟಕ್ಕೆ ಕೂರುವ ಮುಂಚೆ, ಅಂಗಳದಲ್ಲಿ ತೆಗೆಸಿದ ಕಪ್ಪು ಬಿಳುಪಿನ ಚಿತ್ರ ಅದು. ನೆಲದ ಮೇಲೆ ಮಕ್ಕಳು, ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತವರು ಸೊಸೆಯರು ಮತ್ತು ಗಂಡುಮಕ್ಕಳು. ಚಿಕ್ಕಮ್ಮ ಮಾತ್ರ ಇಲ್ಲ. ಅವರು ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅಜ್ಜಿ ಅಜ್ಜ ಇಬ್ಬರೂ ಇರುವ ಗುಂಪು ಚಿತ್ರ ಅದೊಂದೇ. ಹೀಗಾಗಿ ಆ ಮನೆಯಲ್ಲಿ ಅರ್ಧ ಆಯುಷ್ಯ ದುಡಿದ ಚಿಕ್ಕಮ್ಮ ಅತ್ತೆ ಮಾವಂದಿರೊಂದಿಗೆ ಯಾವ ಚಿತ್ರದಲ್ಲೂ ಇಲ್ಲ. ಅವರಿಗೆ ಎಪ್ಪತ್ತೈದು ತುಂಬುವಾಗ ಅವರ ಮಗಳು ಈ ಕೊರತೆ ನೀಗಿಸಬೇಕೆಂದು ಹೊರಟಳು. ನಾವಿಬ್ಬರೂ ನಮ್ಮೂರಿನ ಸ್ಟುಡಿಯೋದವರ ಮುಂದೆ ಕಂಪ್ಯೂಟರ್ ನೋಡುತ್ತಾ ಕುಳಿತೆವು.

ಅವರು ಮೊದಲು ಚಿಕ್ಕಮ್ಮನ ಚಿತ್ರ ಕೇಳಲಿಲ್ಲ. ಗುಂಪಿನಲ್ಲಿರುವವರ ಮೂಗಿನ ನೆರಳು ಎತ್ತ ಬಿದ್ದಿದೆ ನೋಡಿ ಎಂದರು. ಎಲ್ಲರ ಮೂಗಿನ ನೆರಳೂ ಚಿತ್ರದ ಬಲಗಡೆಗೆ, ಸ್ವಲ್ಪ ಕೆಳಕ್ಕೆ ಬಿದ್ದಿತ್ತು. ಎಂದರೆ ಬಿಸಿಲು ಎಡದಿಂದ, ಸ್ವಲ್ಪ ಮೇಲಿನಿಂದ ಬಂದಿತ್ತು. ನೆರಳಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿತ್ತು, ಆದ್ದರಿಂದ ಮೋಡವಿರಲಿಲ್ಲ.

ನಮ್ಮ ಕೈಯಲ್ಲಿ ಮೂರು ಚಿತ್ರಗಳಿದ್ದವು. 1972ರ ಮದುವೆಯ ಸ್ಟುಡಿಯೋ ಚಿತ್ರದಲ್ಲಿ ಚಿಕ್ಕಮ್ಮ ಬಹಳ ಚೆಂದ ಇದ್ದರು, ಆದರೆ ಎರಡೂ ಕಡೆಯಿಂದ ದೀಪ ಹಾಕಿದ್ದರಿಂದ ಮುಖದಲ್ಲಿ ನೆರಳೇ ಇರಲಿಲ್ಲ. ಅದನ್ನು ಬಿಸಿಲಿನಲ್ಲಿ ನಿಂತವರ ಪಕ್ಕ ಇಟ್ಟರೆ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತೆ ಕಾಣುತ್ತದೆ. 1976ರದು ತೋಟದಲ್ಲಿ ತೆಗೆದದ್ದು, ಬಿಸಿಲು ಬಲಗಡೆಯದು. ಕನ್ನಡಿಯಲ್ಲಿ ಕಂಡಂತೆ ಅದನ್ನು ತಿರುಗಿಸಿದರೆ ಬೆಳಕು ಸರಿಹೋಗುತ್ತದಲ್ಲ ಎಂದಳು ತಂಗಿ. ಅವರು ತಿರುಗಿಸಿ ತೋರಿಸಿದರು. ಬೆಳಕು ಸರಿಯಾಯಿತು, ಆದರೆ ಸೆರಗು ಬಲಭುಜಕ್ಕೆ ಹೋಯಿತು, ಮೂಗುತಿಯೂ ಆಚೆ ಬದಿಗೆ ಹಾರಿತು. ನಮ್ಮಂಥ ಹೆಂಗಸರ ಕಣ್ಣಿಗೆ ಅದು ಕ್ಷಣದಲ್ಲಿ ಸಿಕ್ಕಿಬಿಡುತ್ತದೆ. ಅಲ್ಲದೆ ಯಾರ ಮುಖವೂ ಎರಡು ಬದಿಗೆ ಒಂದೇ ಸಮ ಇರುವುದಿಲ್ಲ. ತಿರುಗಿಸಿದ ಮುಖ ಮನೆಯವರಿಗೆ ಏಕೋ ಪರಕೀಯವೆನಿಸುತ್ತದೆ.

ಮೂರನೆಯದು 1975ರದು, ದೇವಸ್ಥಾನದ ಅಂಗಳದಲ್ಲಿ, ಎಡಗಡೆಯ ಬೆಳಗಿನ ಬಿಸಿಲಿನಲ್ಲಿ ತೆಗೆದದ್ದು. ಅದರಲ್ಲಿ ಅಮ್ಮ ಕಣ್ಣು ಕಿರಿದು ಮಾಡಿದ್ದಾರೆ, ಬೇಡ ಎಂದಳು ತಂಗಿ. ಷಷ್ಟ್ಯಬ್ದಿಯ ಚಿತ್ರವನ್ನು ಮತ್ತೆ ನೋಡಿದೆವು. ಅಜ್ಜಿಯಿಂದ ಹಿಡಿದು ನೆಲದ ಮೇಲೆ ಕುಳಿತ ಐದು ವರ್ಷದ ನನ್ನವರೆಗೆ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೆವು. ಕಣ್ಣರಳಿಸಿದವರು ಒಬ್ಬರಿದ್ದರೆ ಅವರೇ ಹೊರಗಿನವರಾಗಿ ಕಾಣುತ್ತಿದ್ದರು. ಆ ಚಿತ್ರವನ್ನೇ ಇಟ್ಟುಕೊಂಡೆವು.

ನಂತರದ್ದು ಅಳತೆ. ಹಿಂದಿನ ಸಾಲಿನಲ್ಲಿ ನಿಂತ ನನ್ನ ಅಮ್ಮನ ಮುಖ ಗಲ್ಲದಿಂದ ಬೈತಲೆಯವರೆಗೆ 9 ಮಿಲಿಮೀಟರ್. ದೇವಸ್ಥಾನದ ಚಿತ್ರದಲ್ಲಿ ಚಿಕ್ಕಮ್ಮನ ಮುಖ 14 ಮಿಲಿಮೀಟರ್. ಆದ್ದರಿಂದ ಅದನ್ನು ಶೇಕಡ 64ಕ್ಕೆ ಇಳಿಸಿದರು. ಹಾಗೆ ಇಳಿಸಿದ ಮುಖ ಅಕ್ಕಪಕ್ಕದವರಿಗಿಂತ ಹೆಚ್ಚು ನಿಖರವಾಗಿ ಕಾಣುತ್ತದೆ, ಅದಕ್ಕೆ ಸ್ವಲ್ಪ ಮಸುಕು ಕೊಟ್ಟರು. ಹಳೆಯ ಚಿತ್ರದಲ್ಲಿ ಕಡುಗಪ್ಪು ಎಂಬುದೇ ಉಳಿದಿರಲಿಲ್ಲ. ಅಮ್ಮನ ಕೂದಲು ಬೂದು ಮಿಶ್ರಿತ ಕಂದಾಗಿತ್ತು. ಚಿಕ್ಕಮ್ಮನ ಕೂದಲನ್ನೂ ಅಷ್ಟಕ್ಕೇ ತಿಳಿಯಾಗಿಸಿದರು. ಅವರು ಅಮ್ಮನಿಗಿಂತ ಕುಳ್ಳು, ಆ ವ್ಯತ್ಯಾಸವನ್ನು ಹಾಗೆಯೇ ಬಿಟ್ಟರು.

ನಿಲ್ಲಿಸುವುದು ಎಲ್ಲಿ? ಎಡತುದಿಯಲ್ಲಿ ನಿಲ್ಲಿಸಿದರೆ ಎಡದಿಂದ ಬರುವ ಬಿಸಿಲಿಗೆ ಚಿಕ್ಕಮ್ಮನ ನೆರಳು ಪಕ್ಕದಲ್ಲಿದ್ದ ದೊಡ್ಡಪ್ಪನ ಮೇಲೆ ಬೀಳಬೇಕಿತ್ತು. ದೊಡ್ಡಪ್ಪನ ಅಂಗಿಯೋ ಪೂರ್ತಿ ಬಿಸಿಲಿನಲ್ಲಿತ್ತು. ಬಲತುದಿಯಲ್ಲಾದರೆ ಅಮ್ಮನ ನೆರಳು ಚಿಕ್ಕಮ್ಮನ ತೋಳಿನ ಮೇಲೆ ಬೀಳಬೇಕು. ಆ ಸಾಲಿನಲ್ಲಿ ಉಳಿದವರ ತೋಳಿನ ಮೇಲೆ ಪಕ್ಕದವರ ನೆರಳು ಎಷ್ಟು ಅಗಲ, ಎಷ್ಟು ದಟ್ಟ ಎಂದು ನೋಡಿ, ಅಷ್ಟನ್ನೇ ಚಿಕ್ಕಮ್ಮನ ಸೀರೆಯ ಮೇಲೆ ಹಾಕಿದರು. ಮುಖವನ್ನು ಮುಟ್ಟಲಿಲ್ಲ. ಮುಂದೆ ಕುರ್ಚಿಯಲ್ಲಿ ಕುಳಿತಿದ್ದ ಸೋದರತ್ತೆ ಕಾಲಿನ ಭಾಗವನ್ನು ಮರೆಮಾಡಿದ್ದರಿಂದ ನೆಲದ ಮೇಲಿನ ನೆರಳನ್ನು ಹೊಸದಾಗಿ ಕಲ್ಪಿಸುವ ಪ್ರಮೇಯವೇ ಬರಲಿಲ್ಲ.

ಹಿಂದೆ ಇದನ್ನೆಲ್ಲ ಬ್ಲೇಡಿನಿಂದ ಮಾಡುತ್ತಿದ್ದರು ಎಂದು ಅವರು ಹೇಳಿದರು. ಕತ್ತರಿಸಿದ ಚಿತ್ರದ ಅಂಚನ್ನು ಹಿಂಬದಿಯಿಂದ ಉಜ್ಜುಕಾಗದದಲ್ಲಿ ತೆಳ್ಳಗೆ ಮಾಡದಿದ್ದರೆ, ಮತ್ತೆ ಫೋಟೋ ತೆಗೆಯುವಾಗ ಕಾಗದದ ದಪ್ಪವೇ ನೆರಳು ಚೆಲ್ಲಿ ಸುತ್ತ ಕಪ್ಪು ಗೆರೆ ಮೂಡಿಬಿಡುತ್ತಿತ್ತು. ನಿಮ್ಮ ಮನೆಯ ಹಳೆಯ ಚಿತ್ರದಲ್ಲಿ ಒಬ್ಬರ ಸುತ್ತ ಮಾತ್ರ ಅಂಥ ಗೆರೆ ಕಂಡರೆ, ಅವರು ಆ ದಿನ ಅಲ್ಲಿರಲಿಲ್ಲವೆಂದು ಅನುಮಾನಿಸಬಹುದು.

ಈಗ ಅಂಥ ಗೆರೆ ಉಳಿಯುವುದಿಲ್ಲ, ಅದೇ ನನಗೆ ಚಿಂತೆಯಾದದ್ದು. ಪಾಠ ಹೇಳಿ ಬದುಕಿದವಳು ನಾನು. ಇನ್ನು ಮೂವತ್ತು ವರ್ಷ ಕಳೆದ ಮೇಲೆ ಯಾರೋ ಮೊಮ್ಮಗು ಈ ಚಿತ್ರ ನೋಡಿ ಅಂದು ಚಿಕ್ಕಜ್ಜಿಯೂ ಇದ್ದರು ಎಂದೇ ನಂಬುತ್ತದೆ. ಹಾಗಾದರೆ ಅವರ ಬಾಣಂತನದ ಕಥೆ ಸುಳ್ಳಾಗುತ್ತದೆ. ಬೆಳಕನ್ನು ಇಷ್ಟು ಪ್ರಾಮಾಣಿಕವಾಗಿ ಹೊಂದಿಸಿ ಕಾಲವನ್ನು ಮುಚ್ಚಿಡುವುದು ಎಷ್ಟು ಸರಿ? ಆದ್ದರಿಂದ ಮೂಲ ಚಿತ್ರವನ್ನೂ ಹೊಸದನ್ನೂ ಒಟ್ಟಿಗೆ ಅಚ್ಚು ಹಾಕಿಸಿದೆವು. ಹೊಸದರ ಹಿಂದೆ ಯಾರನ್ನು ಸೇರಿಸಿದ್ದು, ಯಾವ ಚಿತ್ರದಿಂದ, ಯಾವ ವರ್ಷ ಎಂದು ಅಳಿಸದ ಶಾಯಿಯಲ್ಲಿ ಬರೆದೆ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಹಿಂಬದಿಯನ್ನೇ ಮೊದಲು ಓದಿದರು. "ಬಾಣಂತಿ ಕೋಣೆಯಲ್ಲಿದ್ದೆ, ಇವಳು ಹುಟ್ಟಿ ಹನ್ನೊಂದು ದಿನವಾಗಿತ್ತು, ಅದನ್ನೂ ಬರೆಯಮ್ಮ" ಎಂದರು. ಬರೆದೆ. ಆಮೇಲೆ ಚಿತ್ರ ತಿರುಗಿಸಿ, ನನ್ನ ಅಮ್ಮನ ಪಕ್ಕದಲ್ಲಿ ತಾವು ನಿಂತಿರುವುದನ್ನು ಬಹಳ ಹೊತ್ತು ನೋಡಿದರು.