ಮೂರು ವರ್ಷಗಳ ಶಾಲಾ ಆಯವ್ಯಯ ಪಟ್ಟಿ: ವರ್ಷವಾರು ಅಂಕಣ, ಬೆಲೆಯೇರಿಕೆ ಮತ್ತು ಸಂಚಿತ ಲೆಕ್ಕ

ಶಿಕ್ಷಣ ಹಕ್ಕು ಕಾಯಿದೆ, 2009ರ 22ನೆಯ ಪ್ರಕರಣವು ಶಾಲಾ ನಿರ್ವಹಣಾ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. ಕಾಯಿದೆಯ ಅಡಿಯಲ್ಲಿ ಕೇಂದ್ರವು ರೂಪಿಸಿದ ನಿಯಮಗಳ ಪ್ರಕಾರ ಈ ಯೋಜನೆ ಮೂರು ವರ್ಷಗಳದ್ದು. ಅದರೊಳಗೆ ಮೂರು ವಾರ್ಷಿಕ ಉಪಯೋಜನೆಗಳಿರಬೇಕು, ಹೆಚ್ಚುವರಿಯಾಗಿ ಬೇಕಾಗುವ ಹಣವನ್ನು ವರ್ಷವಾರು ತೋರಿಸಬೇಕು. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿಯೂ ಅನುದಾನಿತ ಶಾಲೆಗಳಲ್ಲಿಯೂ ಸಮಿತಿಯ ಪಾತ್ರ ಸಲಹೆಗೆ ಸೀಮಿತ, ಅಲ್ಲಿ ಈ ಯೋಜನೆ ಕಡ್ಡಾಯವಲ್ಲ. ಆದರೆ ದಾನಿಗಳ ಮುಂದೆಯೋ ಹಳೆವಿದ್ಯಾರ್ಥಿ ಸಂಘದ ಮುಂದೆಯೋ ಹಣ ಕೇಳಲು ಹೋದಾಗ ಅಲ್ಲಿಯೂ ಇದೇ ಬಗೆಯ ಪಟ್ಟಿ ಬೇಕಾಗುತ್ತದೆ.

ಗಡಿಭಾಗದ ಕನ್ನಡ ಶಾಲೆಗೆ ಈ ಪಟ್ಟಿಯ ತಪ್ಪು ದುಬಾರಿಯಾಗುತ್ತದೆ. ಮೂರನೆಯ ವರ್ಷದ ಜನವರಿಯಲ್ಲಿ ಮಕ್ಕಳ ವಾಹನದ ಬಾಡಿಗೆಗೆ ಹಣ ಮುಗಿದರೆ ದೂರದ ಮನೆಗಳ ಮಕ್ಕಳು ಹತ್ತಿರದ ಬೇರೆ ಮಾಧ್ಯಮದ ಶಾಲೆಗೆ ಸೇರುತ್ತಾರೆ. ಒಮ್ಮೆ ಹೋದವರು ಮರಳುವುದು ವಿರಳ. ಆದುದರಿಂದ ಒಂದು ಸಣ್ಣ ಪ್ರಾಥಮಿಕ ಶಾಲೆಯ ಮಾದರಿಯನ್ನು ಆರಂಭದಿಂದ ಕೊನೆಯವರೆಗೆ ಇಲ್ಲಿ ಕಟ್ಟಿ ತೋರಿಸುತ್ತೇವೆ. ಅಂಕಿಗಳು ಕೇವಲ ಉದಾಹರಣೆಗೆ. ನಿಮ್ಮ ಊರಿನ ದರಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಮೊದಲು ಊಹೆಗಳು, ಆಮೇಲೆ ಅಂಕಿಗಳು

ಬೆಲೆಯೇರಿಕೆಯ ದರವನ್ನು ಪ್ರತಿ ಲೆಕ್ಕದೊಳಗೆ ಹುದುಗಿಸಿಡಬಾರದು. ಹಾಳೆಯ ಮೇಲ್ಭಾಗದಲ್ಲಿ ಪ್ರತ್ಯೇಕವಾಗಿ ಬರೆದು, ಕೆಳಗಿನ ಲೆಕ್ಕಗಳೆಲ್ಲ ಅಲ್ಲಿಂದಲೇ ದರವನ್ನು ತೆಗೆದುಕೊಳ್ಳುವಂತೆ ಮಾಡಬೇಕು. ಅಧಿಕಾರಿಯೋ ದಾನಿಯೋ ‘ಎಂಟು ಶೇಕಡಾ ಹೆಚ್ಚಾಯಿತು, ಆರು ಮಾಡಿ’ ಎಂದರೆ ಒಂದು ಸೆಲ್ ಬದಲಿಸಿದರೆ ಸಾಕು, ಇಡೀ ಪಟ್ಟಿ ತಾನೇ ಸರಿಹೋಗುತ್ತದೆ.

ಎಲ್ಲ ಬಾಬುಗಳಿಗೂ ಒಂದೇ ದರ ಹೊಂದುವುದಿಲ್ಲ. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ 4 ಶೇಕಡಾ, ಅದರ ಮಿತಿ 2ರಿಂದ 6 ಶೇಕಡಾ; ಅದು ದೇಶದ ಒಟ್ಟಾರೆ ಗ್ರಾಹಕ ಬೆಲೆಗಳ ಲೆಕ್ಕವೇ ಹೊರತು ನಿಮ್ಮ ಊರಿನ ಜೀಪಿನ ಬಾಡಿಗೆಯದಲ್ಲ. ಬಾಡಿಗೆಯ ದರವನ್ನು ಹಳೆಯ ರಶೀದಿಗಳಿಂದಲೇ ತೆಗೆಯಬೇಕು. ಎರಡು ವರ್ಷಗಳ ಹಿಂದೆ ತಿಂಗಳಿಗೆ ₹12,900 ಕೊಟ್ಟಿದ್ದು, ಈಗ ₹15,000 ಕೊಡುತ್ತಿದ್ದರೆ ವಾರ್ಷಿಕ ಏರಿಕೆ ಹೀಗೆ ದೊರೆಯುತ್ತದೆ:

```
=(15000/12900)^(1/2)-1
```

ಉತ್ತರ ಸುಮಾರು 7.8 ಶೇಕಡಾ, ನಾವು 8 ಎಂದು ಹಿಡಿಯುತ್ತೇವೆ. ದರದ ಪಕ್ಕದಲ್ಲಿ ‘ಹಿಂದಿನ ರಶೀದಿಗಳ ಆಧಾರ’ ಎಂದು ಒಂದು ಮಾತು ಬರೆದಿಟ್ಟರೆ, ಕೇಳಿದವರಿಗೆ ಉತ್ತರ ಅಲ್ಲೇ ಇರುತ್ತದೆ.

ನಮ್ಮ ಮಾದರಿಯಲ್ಲಿ `B2` ಸೆಲ್‌ನಲ್ಲಿ ಗೌರವಧನದ ಏರಿಕೆ 6%, `B3`ರಲ್ಲಿ ವಾಹನ ಬಾಡಿಗೆ 8%, `B4`ರಲ್ಲಿ ಪುಸ್ತಕ ಮತ್ತು ಕಲಿಕಾ ಸಾಮಗ್ರಿ 5%, `B5`ರಲ್ಲಿ ದುರಸ್ತಿ 5% ಇವೆ. ಚಾವಣಿ ದುರಸ್ತಿಗೆ ಮೇಸ್ತ್ರಿ ಇಂದಿನ ಬೆಲೆಯಲ್ಲಿ ಕೊಟ್ಟ ಅಂದಾಜು ₹2,00,000ವನ್ನು `C5`ರಲ್ಲಿ ಇಟ್ಟಿದ್ದೇವೆ. ‘ಇಂದಿನ ಬೆಲೆ’ ಎಂದರೆ ಮೊದಲನೆಯ ವರ್ಷದ, ಅಂದರೆ 2026-27ರ ಬೆಲೆ ಎಂಬುದನ್ನೂ ಅಲ್ಲೇ ನಮೂದಿಸಬೇಕು. ಇಲ್ಲದಿದ್ದರೆ ಒಬ್ಬರು ಮೊದಲ ವರ್ಷಕ್ಕೂ ಏರಿಕೆ ಸೇರಿಸುತ್ತಾರೆ, ಇನ್ನೊಬ್ಬರು ಸೇರಿಸುವುದಿಲ್ಲ.

ವರ್ಷವಾರು ಅಂಕಣಗಳು

ಪಟ್ಟಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ. ಜೂನ್‌ನಿಂದ ಮಾರ್ಚ್‌ವರೆಗಿನ ಹತ್ತು ಶಾಲಾ ತಿಂಗಳುಗಳು ಅದರೊಳಗೇ ಬೀಳುವುದರಿಂದ ಗೌರವಧನ ಮತ್ತು ಬಾಡಿಗೆಯನ್ನು ಹತ್ತು ತಿಂಗಳಿಗೆ ಲೆಕ್ಕ ಹಾಕಿದ್ದೇವೆ: ಹೆಚ್ಚುವರಿ ಶಿಕ್ಷಕರಿಗೆ ತಿಂಗಳಿಗೆ ₹12,000, ವಾಹನಕ್ಕೆ ₹15,000. ದುರಸ್ತಿಯನ್ನು ಎರಡನೆಯ ವರ್ಷದಲ್ಲಿ ಇಟ್ಟಿದ್ದೇವೆ.

| ಬಾಬು | 2026-27 | 2027-28 | 2028-29 | ಒಟ್ಟು (₹) |
|---|---:|---:|---:|---:|
| ಶಿಕ್ಷಕರ ಗೌರವಧನ | 1,20,000 | 1,27,200 | 1,34,832 | 3,82,032 |
| ವಾಹನ ಬಾಡಿಗೆ | 1,50,000 | 1,62,000 | 1,74,960 | 4,86,960 |
| ಪುಸ್ತಕ, ಸಾಮಗ್ರಿ | 30,000 | 31,500 | 33,075 | 94,575 |
| ಚಾವಣಿ ದುರಸ್ತಿ | 0 | 2,10,000 | 0 | 2,10,000 |
| ವರ್ಷದ ಒಟ್ಟು | 3,00,000 | 5,30,700 | 3,42,867 | 11,73,567 |
| ಸಂಚಿತ ಒಟ್ಟು | 3,00,000 | 8,30,700 | 11,73,567 | |

ಹಾಳೆಯಲ್ಲಿ ತಲೆಬರಹ 7ನೆಯ ಸಾಲಿನಲ್ಲಿ, ಬಾಬುಗಳು 8ರಿಂದ 11ರವರೆಗೆ, ಒಟ್ಟು 12ರಲ್ಲಿ, ಸಂಚಿತ 13ರಲ್ಲಿ ಇವೆ ಎಂದಿಟ್ಟುಕೊಳ್ಳೋಣ. ಮೊದಲ ವರ್ಷ `B` ಅಂಕಣ, ಕೊನೆಯ ಒಟ್ಟು `E`. ಗೌರವಧನದ ಸಾಲಿನ ಸೂತ್ರಗಳು ಇವು:

```
C8: =ROUND(B8*(1+$B$2),0)
D8: =ROUND(C8*(1+$B$2),0)
E8: =SUM(B8:D8)
```

ಮೂರನೆಯ ವರ್ಷದ ಸೂತ್ರ ಎರಡನೆಯ ವರ್ಷದ ಮೊತ್ತವನ್ನು ಆಧರಿಸಿದೆ, ಮೊದಲನೆಯದನ್ನಲ್ಲ. ಬಾಡಿಗೆ ಹೆಚ್ಚುವುದು ಕಳೆದ ವರ್ಷ ಕೊಟ್ಟ ಬಾಡಿಗೆಯ ಮೇಲೆ. ವರ್ಷಕ್ಕೆ ₹12,000ದಂತೆ ಸಮನಾಗಿ ಕೂಡಿಸುತ್ತಾ ಹೋದರೆ ಮೂರನೆಯ ವರ್ಷ ₹1,74,000 ಬರುತ್ತದೆ, ನಿಜವಾದ ಲೆಕ್ಕ ₹1,74,960. ಮೂರು ವರ್ಷಕ್ಕೆ ಅಂತರ ಅಲ್ಪ. ಯೋಜನೆ ದೀರ್ಘವಾದಷ್ಟೂ ಅದು ಬೆಳೆಯುತ್ತದೆ. ಸೂತ್ರದಲ್ಲಿರುವ `$` ಚಿಹ್ನೆಗಳು ದರದ ಸೆಲ್ಲನ್ನು ಕಟ್ಟಿಹಾಕುತ್ತವೆ. ಅವನ್ನು ಬಿಟ್ಟು ಸೂತ್ರವನ್ನು ಪಕ್ಕಕ್ಕೆ ಎಳೆದರೆ ಅದು ಖಾಲಿ ಸೆಲ್ಲನ್ನು ಓದಿ, ಏರಿಕೆಯೇ ಇಲ್ಲದ ಮೊತ್ತ ಕೊಡುತ್ತದೆ. ಎರಡು ವರ್ಷಗಳ ಅಂಕಿ ಒಂದೇ ಆಗಿ ಕಂಡರೆ ಕಾರಣ ಇದೆಂದು ತಿಳಿಯಬೇಕು.

ಒಮ್ಮೆ ಮಾತ್ರ ಆಗುವ ಖರ್ಚಿಗೂ ಬೆಲೆಯೇರಿಕೆ ಉಂಟು. ದುರಸ್ತಿ ಎರಡನೆಯ ವರ್ಷದಲ್ಲಿ ನಡೆಯುವುದರಿಂದ ಇಂದಿನ ಅಂದಾಜಿಗೆ ಒಂದು ವರ್ಷದ ಏರಿಕೆ ಸೇರಬೇಕು:

```
C11: =ROUND($C$5*(1+$B$5),0)
```

ಏರಿಕೆಯನ್ನೇ ಪರಿಗಣಿಸದೆ ಬರೆದಿದ್ದರೆ ಇಡೀ ಯೋಜನೆ ₹11,00,000ಕ್ಕೆ ನಿಲ್ಲುತ್ತಿತ್ತು. ಬಿಟ್ಟುಹೋಗುವ ₹73,567 ಮೂರನೆಯ ವರ್ಷದ ವಾಹನ ಬಾಡಿಗೆಯಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು.

ಒಟ್ಟುಗಳನ್ನು ಎರಡು ದಿಕ್ಕಿನಿಂದ ಪರೀಕ್ಷಿಸುವುದು

ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಕೂಡಿದಾಗ ಕೊನೆಯ ಮೂಲೆಯಲ್ಲಿ ಒಂದೇ ಮೊತ್ತ ಬರಬೇಕು. ಇದಕ್ಕೆ ಒಂದು ಪರೀಕ್ಷಾ ಸೆಲ್ ಇಟ್ಟುಕೊಳ್ಳಬೇಕು:

```
B12: =SUM(B8:B11)
E12: =SUM(E8:E11)
C13: =B13+C12
E14: =SUM(B12:D12)-E12
```

`B13`ರಲ್ಲಿ `=B12` ಎಂದಿಟ್ಟು, ಮುಂದಿನ ವರ್ಷಗಳಿಗೆ `C13`ರ ಸೂತ್ರವನ್ನು ಎಳೆಯಬೇಕು. `E14` ಸೊನ್ನೆಯಾಗಿರಬೇಕು, ಕೊನೆಯ ವರ್ಷದ ಸಂಚಿತ ಮೊತ್ತವೂ `E12`ಕ್ಕೆ ಸಮನಾಗಿರಬೇಕು. ವ್ಯತ್ಯಾಸ ಕಂಡರೆ ಹೊಸದಾಗಿ ಸೇರಿಸಿದ ಸಾಲೊಂದು `SUM` ವ್ಯಾಪ್ತಿಯ ಹೊರಗೆ ಉಳಿದಿದೆಯೇ ಎಂದು ಮೊದಲು ನೋಡಬೇಕು.

ಈ ಪರೀಕ್ಷೆಗೂ ಸಿಗದ ತಪ್ಪು ಒಂದುಂಟು. ಬೇರೆ ಗುಣಾಕಾರದ ಸೂತ್ರ ಆಧರಿಸಿರದ ಸೆಲ್ಲಿನಲ್ಲಿ ‘30000 ರೂ.’ ಎಂದು ಟೈಪ್ ಮಾಡಿದರೆ ಗಣಕವು ಅದನ್ನು ಪಠ್ಯವೆಂದು ಭಾವಿಸುತ್ತದೆ, `SUM` ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡೂ ದಿಕ್ಕಿನ ಒಟ್ಟು ಸಮನಾಗಿಯೇ ತಪ್ಪಾಗಿರುತ್ತದೆ. ಅಂಕಿಗಳು ಸಾಮಾನ್ಯವಾಗಿ ಬಲಕ್ಕೆ ನಿಲ್ಲುತ್ತವೆ, ಪಠ್ಯ ಎಡಕ್ಕೆ ಅಂಟಿಕೊಳ್ಳುತ್ತದೆ. ಎಡಕ್ಕೆ ನಿಂತ ಅಂಕಿಯನ್ನು ಕಂಡೊಡನೆ ಸಂಶಯಪಡಬೇಕು. ಸೆಲ್ಲಿನಲ್ಲಿ ಬರಿಯ ಅಂಕಿಯನ್ನೇ ಬರೆದು, ‘ಎಲ್ಲ ಮೊತ್ತಗಳು ರೂಪಾಯಿಗಳಲ್ಲಿ’ ಎಂದು ತಲೆಬರಹದಲ್ಲಿ ಹೇಳಿದರೆ ಸಾಕು. ಲಕ್ಷದ ಅಲ್ಪವಿರಾಮಗಳು ಸರಿಯಾಗಿ ಕಾಣಲು ಸೆಲ್‌ಗಳಿಗೆ ಈ ಸ್ವರೂಪ ಕೊಡಬಹುದು:

```
[>=10000000]##\,##\,##\,##0;[>=100000]##\,##\,##0;##,##0
```

ಸಂಚಿತ ಸಾರಾಂಶ ಏನನ್ನು ಬಯಲಿಗೆಳೆಯುತ್ತದೆ

ದಾನಿಗಳೂ ಹಳೆವಿದ್ಯಾರ್ಥಿಗಳೂ ಸೇರಿ ವರ್ಷಕ್ಕೆ ₹4,00,000 ಕೊಡಲು ಒಪ್ಪಿದ್ದಾರೆ ಎನ್ನೋಣ. ಮೂರು ವರ್ಷಕ್ಕೆ ₹12,00,000, ಖರ್ಚು ₹11,73,567. ಒಟ್ಟನ್ನಷ್ಟೇ ನೋಡಿದವರು ಹಣ ಸಾಕೆಂದು ಹೇಳಿಬಿಡುತ್ತಾರೆ. ಸಂಚಿತ ಸಾರಾಂಶ ಬೇರೆಯದನ್ನು ಹೇಳುತ್ತದೆ:

| | 2026-27 | 2027-28 | 2028-29 |
|---|---:|---:|---:|
| ಸಂಚಿತ ಜಮೆ | 4,00,000 | 8,00,000 | 12,00,000 |
| ಸಂಚಿತ ಖರ್ಚು | 3,00,000 | 8,30,700 | 11,73,567 |
| ಶಿಲ್ಕು | 1,00,000 | -30,700 | 26,433 |

ಎರಡನೆಯ ವರ್ಷ ₹30,700 ಕೊರತೆ. ಚಾವಣಿ ಬಿಚ್ಚಿದ ಮೇಲೆ ಹಣವಿಲ್ಲದೆ ಕೆಲಸ ನಿಲ್ಲುವುದೆಂದರೆ ಇದು. ದುರಸ್ತಿಯನ್ನು ಮೂರನೆಯ ವರ್ಷಕ್ಕೆ ತಳ್ಳುವುದು ಒಂದು ದಾರಿ. ಆಗ ಎರಡು ವರ್ಷಗಳ ಏರಿಕೆ ಸೇರಿ ದುರಸ್ತಿಗೆ ₹2,20,500 ಬೇಕು, ಅಂದರೆ ₹10,500 ಹೆಚ್ಚು:

```
D11: =ROUND($C$5*(1+$B$5)^2,0)
```

ಶಿಲ್ಕು ಕ್ರಮವಾಗಿ ₹1,00,000, ₹1,79,300, ₹15,933 ಆಗುತ್ತದೆ. ಯಾವ ವರ್ಷವೂ ಕೊರತೆ ಬೀಳುವುದಿಲ್ಲ. ಚಾವಣಿ ಇನ್ನೊಂದು ಮಳೆಗಾಲ ತಡೆಯದೆಂದು ಮೇಸ್ತ್ರಿ ಹೇಳಿದರೆ ಈ ದಾರಿ ಮುಚ್ಚಿದಂತೆ. ಆಗ ಮೂರನೆಯ ಕಂತಿನಿಂದ ₹31,000ವನ್ನು ಒಂದು ವರ್ಷ ಮುಂಚೆ ಬಿಡುಗಡೆ ಮಾಡಿರೆಂದು, ಈ ಪಟ್ಟಿಯನ್ನೇ ಮುಂದಿಟ್ಟು ಮೊದಲೇ ಕೇಳಬೇಕು.

ಈ ಸಾರಾಂಶ ನಿಂತಿರುವುದು ಮೊದಲ ವರ್ಷ ಉಳಿದ ₹1,00,000 ಎರಡನೆಯ ವರ್ಷಕ್ಕೆ ಸಾಗುತ್ತದೆ ಎಂಬ ನಂಬಿಕೆಯ ಮೇಲೆ. ಹಣ ಕೊಡುವವರು ಮಾರ್ಚ್ 31ರೊಳಗೆ ಖರ್ಚಾಗದ ಮೊತ್ತವನ್ನು ಹಿಂತಿರುಗಿಸಬೇಕೆಂದು ಷರತ್ತು ಹಾಕಿದ್ದರೆ ಎರಡನೆಯ ವರ್ಷದ ಕೊರತೆ ₹1,30,700ಕ್ಕೆ ಏರುತ್ತದೆ. ಮಂಜೂರಾತಿ ಪತ್ರದಲ್ಲಿ ಈ ಷರತ್ತನ್ನು ಹುಡುಕಿ ಓದಿ, ಉಳಿಕೆ ಮುಂದಿನ ವರ್ಷಕ್ಕೆ ಸಾಗುತ್ತದೆಯೋ ಇಲ್ಲವೋ ಎಂಬುದನ್ನು ಊಹೆಗಳ ಪಟ್ಟಿಯಲ್ಲಿಯೇ ಬರೆಯಬೇಕು.

ಪಟ್ಟಿಯನ್ನು ಕಚೇರಿಗೆ ಒಪ್ಪಿಸುವಾಗ ಬಾಬುಗಳ ಹೆಸರನ್ನು ಕನ್ನಡದ ಜೊತೆಗೆ ಆ ರಾಜ್ಯದ ಭಾಷೆಯಲ್ಲಿಯೂ ಬರೆದರೆ ಸಭೆಯಲ್ಲಿ ಪಾಲಕರೂ ಓದಬಲ್ಲರು, ಕಚೇರಿಯಲ್ಲಿ ಗುಮಾಸ್ತರೂ ಓದಬಲ್ಲರು. ಇದಕ್ಕಾಗಿ ಹೊಸ ಅಂಕಣ ಸೇರಿಸಬೇಕಿಲ್ಲ. ಒಂದೇ ಸೆಲ್ಲಿನಲ್ಲಿ ಎರಡು ಸಾಲಾಗಿ ಬರೆದರೆ ಸೂತ್ರಗಳ ಜಾಗ ಕದಲುವುದಿಲ್ಲ. ಊಹೆಗಳ ಪಟ್ಟಿಯೂ ಮುಖ್ಯ ಪಟ್ಟಿಯೂ ಒಂದೇ ಹಾಳೆಯಲ್ಲಿ ಅಚ್ಚಾಗಲಿ. ಪ್ರತಿ ಏಪ್ರಿಲ್‌ನಲ್ಲಿ ಕಳೆದ ವರ್ಷದ ನಿಜವಾದ ಖರ್ಚನ್ನು ಆ ವರ್ಷದ ಅಂಕಣದಲ್ಲಿ ತುಂಬಿದರೆ, ಮುಂದಿನ ವರ್ಷಗಳ ಅಂಕಿಗಳೂ ಸಂಚಿತ ಸಾಲೂ ಅದರಿಂದಲೇ ಹೊಸದಾಗಿ ಲೆಕ್ಕಗೊಳ್ಳುತ್ತವೆ.