ತೆರಿಗೆಯ ಸೂತ್ರಗಳು

ಒಳ್ಳೆಯ ತೆರಿಗೆಗೆ ಇರಬೇಕಾದ ನಾಲ್ಕು ಗುಣಗಳಾದ ನ್ಯಾಯ, ನಿಶ್ಚಿತತೆ, ಅನುಕೂಲ ಮತ್ತು ಮಿತವ್ಯಯಗಳನ್ನು ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಇವು ಒಂದೇ ತೆರಿಗೆಯಲ್ಲಿ ಒಟ್ಟಾಗಿ ನೆಲೆಗೊಳ್ಳುವುದು ಅಪರೂಪವೆಂಬುದಕ್ಕೆ ಕರ್ನಾಟಕದ ವೃತ್ತಿ ತೆರಿಗೆ ಉತ್ತಮ ನಿದರ್ಶನ.

ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವ ನೌಕರನು ತಿಂಗಳಿಗೆ 200 ರೂಪಾಯಿಯನ್ನೂ, 2025ರ ತಿದ್ದುಪಡಿಯ ಬಳಿಕ ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿಯನ್ನೂ ತೆರಬೇಕಾಗಿದ್ದು, ಮೊತ್ತ ಮೊದಲೇ ಗೊತ್ತಿರುವುದರಿಂದ ಅಧಿಕಾರಿಯ ಮರ್ಜಿಗೆ ಎಡೆಯಿಲ್ಲ, ಇದೇ ನಿಶ್ಚಿತತೆ. ಕೈಯಲ್ಲಿ ಹಣವಿರುವ ಹೊತ್ತಿನಲ್ಲೇ, ಅಂದರೆ ಸಂಬಳ ಬಟವಾಡೆಯಾಗುವಾಗಲೇ ಕಡಿತವಾಗುವುದು ಅನುಕೂಲ. ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವವನು ಮಾಲೀಕನಾದ್ದರಿಂದ ವಸೂಲಿಯ ವೆಚ್ಚ ಅಲ್ಪವಾಗಿದ್ದು, ಇದು ಮಿತವ್ಯಯವೆನಿಸುತ್ತದೆ. ಆದರೆ ಲೆಕ್ಕವಿಡುವ ಹೊರೆ ಮಾಲೀಕನ ಹೆಗಲಿಗೆ ದಾಟುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ತೆರಿಗೆ ಎಡವುವುದು ನ್ಯಾಯದಲ್ಲಿ. ಸ್ಮಿತ್‌ನ ಪ್ರಕಾರ ಪ್ರಜೆಗಳು ತಮ್ಮ ವರಮಾನಕ್ಕೆ ಅನುಗುಣವಾಗಿ ತೆರಬೇಕು. ಆದರೆ ಇಲ್ಲಿ 24,999 ರೂಪಾಯಿ ಸಂಬಳದವನು ಏನನ್ನೂ ತೆರುವುದಿಲ್ಲ; ಒಂದೇ ರೂಪಾಯಿ ಹೆಚ್ಚಿದರೆ ಪೂರ್ತಿ ತೆರಿಗೆ ಬೀಳುತ್ತದೆ. 25,000 ಪಡೆಯುವವನೂ ಎರಡೂವರೆ ಲಕ್ಷ ಪಡೆಯುವವನೂ ವರ್ಷಕ್ಕೆ ತೆರುವುದು ಅದೇ 2,500 ರೂಪಾಯಿ. ಮೊದಲನೆಯವನಿಗೆ ಅದು ವರಮಾನದ ಶೇಕಡಾ 0.83ರಷ್ಟಾದರೆ ಎರಡನೆಯವನಿಗೆ ಅದರ ಹತ್ತನೆಯ ಒಂದು ಪಾಲು ಮಾತ್ರ. ದರವನ್ನು ಏರಿಸಿ ಈ ಕೊರತೆಯನ್ನು ನೀಗುವ ದಾರಿ ರಾಜ್ಯಕ್ಕಿಲ್ಲ, ಏಕೆಂದರೆ ಸಂವಿಧಾನದ 276ನೆಯ ವಿಧಿ ವಾರ್ಷಿಕ ವೃತ್ತಿ ತೆರಿಗೆಯ ಗರಿಷ್ಠ ಮಿತಿಯನ್ನು 2,500 ರೂಪಾಯಿಗೆ ನಿಲ್ಲಿಸಿದ್ದು, 1988ರ ತಿದ್ದುಪಡಿಯ ನಂತರ ಅದು ಬದಲಾಗಿಲ್ಲ.