ಚಿತ್ರದಿಂದ ಕ್ರಿಯೆಗೆ: ಐದನೇ ತರಗತಿಯ ಹೇಳಿಕೆ ಲೆಕ್ಕಗಳು

ಕಮಲಮ್ಮ ಡೈರಿಗೆ 48 ಲೀಟರ್ ಹಾಲು ಹಾಕಿದರು. ಅದು ರಂಗಪ್ಪ ಹಾಕಿದ್ದಕ್ಕಿಂತ 15 ಲೀಟರ್ ಹೆಚ್ಚು. ಇಬ್ಬರೂ ಸೇರಿ ಹಾಕಿದ ಹಾಲು ಎಷ್ಟು?

ಸರಿಯುತ್ತರ 81 ಲೀಟರ್. ಆದರೆ ಕೂಡಲು, ಕಳೆಯಲು ಚೆನ್ನಾಗಿ ಬರುವ ಮಗುವೂ ಇಲ್ಲಿ 63, 111 ಅಥವಾ 33 ಎಂದು ಬರೆಯಬಹುದು. ‘ಹೆಚ್ಚು’, ‘ಸೇರಿ’ ಎಂಬ ಮಾತು ಕಂಡೊಡನೆ ಕೊಟ್ಟ ಎರಡು ಸಂಖ್ಯೆಗಳನ್ನು ಕೂಡಿಬಿಟ್ಟರೆ 63. ರಂಗಪ್ಪನದೇ ಹೆಚ್ಚೆಂದು ತಿಳಿದು, 63ಕ್ಕೆ 48 ಸೇರಿಸಿದರೆ 111. ರಂಗಪ್ಪನ ಪಾಲು ಕಂಡುಹಿಡಿದು ಅಲ್ಲಿಗೇ ನಿಂತರೆ 33. ಲೂಯಿಸ್ ಮತ್ತು ಮೇಯರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಳಿಕೆಯ ಪದ ಒಂದು ಕ್ರಿಯೆಯನ್ನು ಸೂಚಿಸಿ ಸಂಬಂಧವು ಅದರ ವಿರುದ್ಧ ಕ್ರಿಯೆಯನ್ನು ಕೇಳುವಾಗ ಕಾಲೇಜು ವಿದ್ಯಾರ್ಥಿಗಳೂ ಹೆಚ್ಚು ತಪ್ಪಿದ್ದರು. ‘ಹೆಚ್ಚು ಎಂದರೆ ಕೂಡು’ ಎಂದು ಗೋಡೆಗೆ ಪಟ್ಟಿ ಅಂಟಿಸುವುದು ಈ ತಪ್ಪಿಗೆ ದಾರಿ ಮಾಡಿಕೊಡುತ್ತದೆ.

ಜಾರ್ಜ್ ಪೋಲ್ಯಾ 1945ರಲ್ಲಿ ಮುಂದಿಟ್ಟ ನಾಲ್ಕು ಹಂತಗಳನ್ನು ಈ ಲೆಕ್ಕಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು. ಮೊದಲು ಓದು. ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಸಂಖ್ಯೆಗಳನ್ನು ಬಿಟ್ಟು ಕಥೆಯನ್ನಷ್ಟೇ ಹೇಳಿಸಬೇಕು. “ಯಾರು ಹೆಚ್ಚು ಹಾಕಿದರು? ಕೇಳಿರುವುದು ಏನು?” ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬಾರದಿದ್ದರೆ ಪೆನ್ಸಿಲ್ ಹಿಡಿಸುವುದು ವ್ಯರ್ಥ.

ಹೆಚ್ಚು ಹೊತ್ತು ಕೊಡಬೇಕಾದದ್ದು ಚಿತ್ರಕ್ಕೆ. ಮಕ್ಕಳು ಹಸು, ಹಾಲಿನ ಕ್ಯಾನು, ಡೈರಿಯ ಬಾಗಿಲು ಎಲ್ಲವನ್ನೂ ಬಿಡಿಸಲು ಹೊರಡುತ್ತಾರೆ. ಹೆಗಾರ್ಟಿ ಮತ್ತು ಕೊಝೆವ್ನಿಕೊವ್ ಅವರ 1999ರ ಅಧ್ಯಯನ ಚಿತ್ರದ ಎರಡು ಬಗೆಗಳನ್ನು ಬೇರ್ಪಡಿಸಿತು: ಸಂಬಂಧ ತೋರುವ ರೇಖಾರೂಪ ಬಳಸಿದವರಿಗೆ ಲೆಕ್ಕ ಹೆಚ್ಚು ಸರಿಹೋಯಿತು, ವಸ್ತುಗಳ ಚಿತ್ರಕ್ಕೆ ಅಂಟಿಕೊಂಡವರಿಗೆ ಕಡಿಮೆ. ಇಲ್ಲಿ ಬೇಕಾದದ್ದು ಒಂದರ ಕೆಳಗೊಂದು ಎರಡು ಪಟ್ಟಿ. ಮೇಲಿನ ಉದ್ದನೆಯದು ಕಮಲಮ್ಮನದು, 48. ಕೆಳಗಿನ ಗಿಡ್ಡದು ರಂಗಪ್ಪನದು. ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಉದ್ದದ ವ್ಯತ್ಯಾಸದ ತುಂಡಿಗೆ 15. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ, ಯಾವುದು ಉದ್ದ ಎಂಬುದು ಮಾತ್ರ ತಪ್ಪಬಾರದು.

ಕ್ರಿಯೆಯನ್ನು ಪಟ್ಟಿಯಿಂದಲೇ ಓದಿಕೊಳ್ಳಬಹುದು. ಉದ್ದದಿಂದ ಹೆಚ್ಚಿನ ತುಂಡು ತೆಗೆದರೆ 48 – 15 = 33; ಎರಡೂ ಪಟ್ಟಿ ಸೇರಿದರೆ 48 + 33 = 81. ಹಲವು ಮಕ್ಕಳು ಮೊದಲ ಸಾಲಿನಲ್ಲೇ ನಿಲ್ಲುವುದರಿಂದ, ಪ್ರತಿ ಸಾಲಿನ ಪಕ್ಕ ‘ರಂಗಪ್ಪನ ಹಾಲು’, ‘ಒಟ್ಟು ಹಾಲು’ ಎಂದು ಬರೆಸಬೇಕು.

ತಾಳೆ ನೋಡುವುದೆಂದರೆ ಅದೇ ಕೂಡುವಿಕೆಯನ್ನು ಮತ್ತೆ ಮಾಡುವುದೆಂದು ಮಕ್ಕಳು ಭಾವಿಸುತ್ತಾರೆ. 48 + 15 ಎಷ್ಟು ಸಲ ಮಾಡಿದರೂ 63 ಬರುತ್ತದೆ, ತಪ್ಪು ಬಯಲಾಗುವುದಿಲ್ಲ. ಉತ್ತರವನ್ನು ಕಥೆಯೊಳಗಿಟ್ಟು ಓದಬೇಕು: ರಂಗಪ್ಪ 63 ಹಾಕಿದ್ದರೆ ಕಮಲಮ್ಮನ 48 ಅದಕ್ಕಿಂತ ಹೆಚ್ಚಾದೀತೇ? 33ಕ್ಕೆ 15 ಸೇರಿಸಿದರೆ 48 ಬಂತು, ಹೇಳಿಕೆ ನಿಂತಿತು.

ಕ್ರಮ ಬಾಯಿಪಾಠವಾಯಿತೋ ಅರ್ಥವಾಯಿತೋ ಎಂದು ತಿಳಿಯಲು ಮರುದಿನ ಅದೇ ಸಂಖ್ಯೆಗಳಿಟ್ಟು, “ರಂಗಪ್ಪ ಕಮಲಮ್ಮನಿಗಿಂತ 15 ಲೀಟರ್ ಹೆಚ್ಚು ಹಾಕಿದರು” ಎಂದು ಬದಲಿಸಿ ಕೊಡಬೇಕು. ಈಗ 111 ಸರಿಯುತ್ತರ. ಹಿಂದಿನ ದಿನದ ಪಟ್ಟಿಯನ್ನೇ ನಕಲು ಮಾಡಿದ ಮಗು ಇಲ್ಲಿಯೂ 81 ಬರೆಯುತ್ತದೆ.